ಹಿಂದೆ ‘1947’ ಅಂತ ಬರೆದಿದೆ, ಮುಂದೆ ಅಂಬಾಸಿಡರ್ ನಿಂತಿದೆ

ಈಗ ಕಾಣುತ್ತಿರುವುದು ದಾವಣಗೆರೆಯ ಒಂದು ಹಳೇ ಸಾಮಾನಿನ ಅಂಗಡಿ. ಒಳಗೆ ಕ್ಯಾಮೆರಾ ಬೇಡ ಅಂದರು, ಅದಕ್ಕೆ ಬಾಗಿಲಷ್ಟೇ ತೋರಿಸುತ್ತಿದ್ದೇನೆ. ನಾನು ಬಂದಿದ್ದು ಹಿತ್ತಾಳೆ ಚೊಂಬಿಗಲ್ಲ, ರೇಡಿಯೋಗೂ ಅಲ್ಲ. ಅಲ್ಲಿ ಒಂದು ಬಿಸ್ಕತ್ ಡಬ್ಬದ ತುಂಬಾ ಬಿಡಿ ಫೋಟೋಗಳಿವೆ, ಅದಕ್ಕೆ.

ಇದೇ ನೋಡಿ ಆ ಫೋಟೋ. ಅಂಗೈ ಅಗಲ, ಸುತ್ತ ಬಿಳಿ ಅಂಚು, ಒಂದು ಮೂಲೆ ಮಡಚಿದೆ. ಒಂದು ರಸ್ತೆ, ಅಡ್ಡಡ್ಡ ಕಟ್ಟಿದ ಬಾವುಟದ ತೋರಣ, ಒಂದು ಕಾರು, ಅರ್ಧ ಬಸ್ಸು, ಒಂದಿಷ್ಟು ಜನ. ಹಿಂದೆ ತಿರುಗಿಸಿದರೆ ಪೆನ್ಸಿಲ್ಲಿನಲ್ಲಿ ‘15-8-1947 ದಾವಣಗೆರೆ’. ಆ ಒಂದು ಸಾಲಿಗೆ ಯಜಮಾನರು ಕೇಳಿದ್ದು 1200 ರೂಪಾಯಿ.

ಇದನ್ನ ಸ್ವಲ್ಪ ಹೇಳಲೇಬೇಕು. ಅದೇ ಡಬ್ಬದಲ್ಲಿ ಇದೇ ಅಳತೆಯ ಮದುವೆ ಫೋಟೋಗಳು ಒಂದಕ್ಕೆ 30 ರೂಪಾಯಿ. ಇದಕ್ಕೆ ಮಾತ್ರ 1200, ಯಾಕಂದರೆ ‘ಸ್ವಾತಂತ್ರ್ಯ ಬಂದ ದಿನದ್ದು ಕಣ್ರೀ’. ನಾನು ‘ಯಜಮಾನ್ರೇ, ಇದರಲ್ಲಿ ಅಂಬಾಸಿಡರ್ ಇದೆಯಲ್ಲ’ ಅಂದೆ. ‘ಇದ್ದರೇನಂತೆ, ದೊಡ್ಡ ಮನುಷ್ಯರು ಆಗಲೂ ಕಾರಲ್ಲಿ ಓಡಾಡುತ್ತಿದ್ದರು’ ಅಂದರು. ಓಡಾಡುತ್ತಿದ್ದರು ನಿಜ, ಆದರೆ ಅಂಬಾಸಿಡರಲ್ಲಿ ಅಲ್ಲ. ಅಂಬಾಸಿಡರ್ ಬಂದಿದ್ದೇ 1957ರಲ್ಲಿ. ಅದಕ್ಕೆ ಮುಂಚೆ ಅದೇ ಕಂಪನಿಯದ್ದು ಲ್ಯಾಂಡ್‌ಮಾಸ್ಟರ್, ಅದಕ್ಕೂ ಮುಂಚೆ ಹಿಂದುಸ್ತಾನ್ 14. ಇದನ್ನ ಹೇಳಿದರೆ ಅವರು ಫೋಟೋ ತಿರುಗಿಸಿ ಮತ್ತೆ ಪೆನ್ಸಿಲ್ ಅಕ್ಷರವನ್ನೇ ತೋರಿಸುತ್ತಾರೆ. ಬರೆದವರು ಯಾರು, ಯಾವಾಗ ಬರೆದರು, ಅದು ಕೇಳಬಾರದು. ಫೋಟೋ ಹಿಂದಿನ ಬರಹ ಎಷ್ಟೋ ಸಲ ಫೋಟೋ ತೆಗೆದ ಮೇಲೆ ಮೂವತ್ತು ನಲವತ್ತು ವರ್ಷ ಬಿಟ್ಟು, ಆಲ್ಬಮ್ ಜೋಡಿಸುವಾಗ ಯಾರೋ ನೆನಪಿನಿಂದ ಬರೆದಿದ್ದು. ಇಲ್ಲಾ ಮಾರುವವರು ಬರೆದಿದ್ದು. ಇವರೇ ಬರೆದರು ಅಂತ ನಾನು ಹೇಳುತ್ತಿಲ್ಲ. ಪೆನ್ಸಿಲ್ ಮಾತ್ರ ತುಂಬಾ ಹೊಸದಾಗಿ ಹೊಳೆಯುತ್ತಿತ್ತು, ಅಷ್ಟೇ. ಕೊನೆಗೆ 400ಕ್ಕೆ ಬಂತು. ಅದೂ ಜಾಸ್ತಿಯೇ. ಆದರೂ ತಗೊಂಡೆ, ಯಾಕೆ ಅಂತ ಈಗ ಗೊತ್ತಾಗುತ್ತೆ.

ಇದು ಮಂಡಕ್ಕಿ. ಮೆಣಸಿನಕಾಯಿ ಬಜ್ಜಿ ಆ ಕಡೆ ಇದೆ, ಕ್ಯಾಮೆರಾಗೆ ಸಿಕ್ಕಿಲ್ಲ. ದಾವಣಗೆರೆಗೆ ಬಂದು ಇದನ್ನ ತಿನ್ನದೆ ಹೋದರೆ ಆಗುವುದಿಲ್ಲ. ಆದರೆ ಎಣ್ಣೆ ಕೈಯಲ್ಲಿ ಫೋಟೋ ಮುಟ್ಟಬೇಡಿ, ಬೆರಳಚ್ಚು ಫೋಟೋದ ಮೇಲ್ಪದರದ ಮೇಲೆ ಹಾಗೇ ಕೂತುಬಿಡುತ್ತೆ. ಸರಿ, ಮನೆಗೆ ಬಂದೆವು.

ಸ್ಕ್ಯಾನ್ ಆಗುತ್ತಿದೆ. 1200 ಡಿಪಿಐ ಇಟ್ಟಿದ್ದೇನೆ. ಅದಕ್ಕಿಂತ ಮೇಲೆ ಹೋದರೆ ಫೈಲ್ ದಪ್ಪ ಆಗುತ್ತೆ, ಹೊಸದೇನೂ ಕಾಣುವುದಿಲ್ಲ, ಕಾಗದದ ತರಿ ಅಷ್ಟೇ ಕಾಣುತ್ತೆ. ಫೋಟೋದ ಹಿಂಭಾಗವನ್ನೂ ಸ್ಕ್ಯಾನ್ ಮಾಡಿ.

ಈಗ ಕಾರು. ನಂಬರ್ ಪ್ಲೇಟ್ ಓದಲು ಆದರೆ ಎಲ್ಲಾ ಮುಗಿಯಿತು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಪ್ಲೇಟ್ ಮಸುಕು. ಇಲ್ಲೂ ಮೊದಲ ಎರಡು ಅಕ್ಷರ ‘ಎಂ ವೈ’ ಅಂತ ಕಾಣುತ್ತೆ, ಉಳಿದದ್ದು ಬರೀ ಬೂದಿ. ಎಂ ವೈ ಅಂದರೆ ಮೈಸೂರು ರಾಜ್ಯದ ಗಾಡಿ. ಅಷ್ಟರಿಂದ ಊರೂ ಸಿಗಲ್ಲ, ವರ್ಷವೂ ಸಿಗಲ್ಲ. ಪ್ಲೇಟ್ ಬಿಡಿ, ಕಾರಿನ ಮುಖ ನೋಡಿ. ದೀಪಗಳ ನಡುವಿನ ಜಾಲರಿ ಚಿಕ್ಕ ಚಿಕ್ಕ ಚೌಕಗಳದ್ದು. ಇದು ಎರಡನೇ ಮಾರ್ಕ್, 1962ರಲ್ಲಿ ಮುಖ ಬದಲಿಸಿದ್ದು. ಮೂರನೇ ಮಾರ್ಕ್ 1975ರಲ್ಲಿ ಬಂತು, ಅದರ ಮುಂಭಾಗವೇ ಬೇರೆ. ಹಾಗಾದರೆ ಈ ಫೋಟೋ 1962ರಿಂದ 75ರ ಒಳಗಿನದು ಅಂತ ಬರೆದುಕೊಂಡರೆ? ಅರ್ಧ ಮಾತ್ರ ಸರಿ. 1962ಕ್ಕೆ ಮುಂಚಿನದಲ್ಲ, ಅದು ಖಂಡಿತ. 75ರ ನಂತರ ಆಗಿರಬಾರದು ಅಂತ ಏನೂ ಇಲ್ಲ. ಅಂಬಾಸಿಡರ್ ಇಪ್ಪತ್ತು ವರ್ಷ ಆರಾಮಾಗಿ ಓಡುತ್ತೆ. ನಮ್ಮ ಕಡೆ ಮೂವತ್ತೂ ಓಡಿಸಿದ್ದಾರೆ.

ಫೋಟೋದಲ್ಲಿರುವ ಹಳೇ ವಸ್ತು ಏನೂ ಹೇಳುವುದಿಲ್ಲ. ಅತಿ ಹೊಸ ವಸ್ತು ಯಾವುದೋ ಅದೇ ಮಾತಾಡುವುದು. ಎತ್ತಿನ ಗಾಡಿ ನೋಡಿ ‘ಅಬ್ಬಾ ಎಷ್ಟು ಹಳೇದು’ ಅನ್ನುವವರನ್ನ ಕಂಡರೆ ನನಗೆ ಕೋಪ ಬರುತ್ತೆ. ಎತ್ತಿನ ಗಾಡಿ ನಿನ್ನೆ ಹೊಳಲ್ಕೆರೆ ರಸ್ತೆಯಲ್ಲಿ ನನ್ನ ಮುಂದೆಯೇ ಹೋಯಿತು.

ಬಸ್ಸಿಗೆ ಬನ್ನಿ. ಮೈ ಮೇಲೆ ಮೂರು ಅಕ್ಷರ ಕಾಣುತ್ತವೆ, ಎಂ, ಎಸ್, ಆರ್. ಉಳಿದದ್ದು ಚೌಕಟ್ಟಿನಿಂದ ಆಚೆ. ಮೊದಲು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಇತ್ತು. 1961ರ ಆಗಸ್ಟ್ 1ರಿಂದ ಅದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಆಯಿತು, ಅಂದರೆ ಎಂಎಸ್ಆರ್‌ಟಿಸಿ. 1973ರ ನವೆಂಬರ್ 1ಕ್ಕೆ ರಾಜ್ಯದ ಹೆಸರು ಕರ್ನಾಟಕ ಆದ ಮೇಲೆ ಕೆಎಸ್ಆರ್‌ಟಿಸಿ. ಹಳೇ ಬಸ್ಸಿನ ಬಣ್ಣ ಮರುದಿನವೇ ಬದಲಾಗಲ್ಲ, ಅದಕ್ಕೆ ಒಂದೆರಡು ವರ್ಷ ಸಡಿಲ ಬಿಡಿ. ಆದರೂ ಇದು ಒಳ್ಳೆ ಸುಳಿವು. ಕಾರು ಬರೀ ಶುರು ಹೇಳುತ್ತೆ, ಬಸ್ಸಿನ ಅಕ್ಷರ ಕೊನೆಯನ್ನೂ ಹೇಳುತ್ತೆ.

ಹಿಂದಿನ ಗೋಡೆ. ಇಲ್ಲಿ ದೊಡ್ಡದು ಮಾಡಿದ್ದೇನೆ. ಮಸುಕಾಗಿದೆ, ಆದರೆ ಎರಡು ಕೊಂಬು, ನೊಗ, ಮತ್ತೆ ಎರಡು ಕೊಂಬು. ಜೋಡೆತ್ತು. ಕಾಂಗ್ರೆಸ್ಸಿನ ಹಳೇ ಗುರುತು. 1969ರಲ್ಲಿ ಪಕ್ಷ ಒಡೆಯಿತು, 1971ರ ಚುನಾವಣೆಗೆ ಇಂದಿರಾ ಗಾಂಧಿಯವರ ಕಡೆಯವರು ಹಸು-ಕರು ಗುರುತಲ್ಲಿ ನಿಂತರು. ಹಸ್ತ ಬಂದಿದ್ದು 1978ರಲ್ಲಿ. ಸುಣ್ಣದ ಗೋಡೆ ಮೇಲಿನ ಬರಹ ಎಷ್ಟು ಮಳೆಗಾಲ ತಡೆಯುತ್ತೆ ಹೇಳಿ? ಕಾರು 1962ಕ್ಕೆ ಮುಂಚಿನದಲ್ಲ, ಹಾಗಾಗಿ ಇದು 1962ರ ಚುನಾವಣೆಯ ಉಳಿಕೆ, ಇಲ್ಲಾ 1967ರದ್ದು. ಗೆರೆ ಇಷ್ಟು ಕಾಣುತ್ತಿರುವುದಕ್ಕೆ ನನ್ನ ಒಲವು 67ರ ಕಡೆ.

ಬಟ್ಟೆ ಬಗ್ಗೆ ನನಗೆ ನಂಬಿಕೆ ಕಡಿಮೆ. ಪಂಚೆ, ಕೋಟು, ಟೋಪಿ, ಇವನ್ನ ಹಿರಿಯರು ಸಾಯುವವರೆಗೂ ಬಿಡಲಿಲ್ಲ. ಸ್ಟುಡಿಯೋ ಫೋಟೋ ಆದರೆ ಇನ್ನೂ ಮೋಸ, ಕೋಟು ಸ್ಟುಡಿಯೋದ್ದೇ, ಬಂದವರಿಗೆಲ್ಲಾ ಅದೇ ಕೋಟು. ಇಲ್ಲಿ ಮಾತ್ರ ಸೈಕಲ್ಲಿಗೆ ಒರಗಿ ನಿಂತ ಈ ಮೂವರು ಹುಡುಗರನ್ನ ನೋಡಿ. ಮೂವರದ್ದೂ ಕಾಲಿಗೆ ಅಂಟಿದ ಪ್ಯಾಂಟು, ಕಾಲರ್ ಚಿಕ್ಕದು. ಎಪ್ಪತ್ತರ ದಶಕ ಬರುತ್ತಿದ್ದಂತೆ ಈ ವಯಸ್ಸಿನವರೆಲ್ಲಾ ಬೆಲ್ ಬಾಟಮ್ಮಿಗೆ ಹೋದರು, ಕಾಲರ್ ಭುಜದವರೆಗೆ ಬೆಳೆಯಿತು. ಹೌದು, ಬಟ್ಟೆ ನಂಬಬೇಡಿ ಅಂದೆ. ಇಪ್ಪತ್ತರ ಹುಡುಗರ ಬಟ್ಟೆಯನ್ನ ನಂಬಬಹುದು ಬಿಡಿ. ಅವರು ಹಳೇ ಮಾದರಿ ಹಾಕಿಕೊಂಡು ಬಾವುಟದ ದಿನ ರಸ್ತೆಗೆ ಬರುವವರಲ್ಲ.

ಈಗ ಜಾಗ. ದಾವಣಗೆರೆ ಅಂತೆ! ದಾವಣಗೆರೆ ಪೇಟೆ ಪೂರ್ತಿ ಬಯಲು. ಇಲ್ಲಿ ತೋರಣದ ಮೇಲೆ, ಮಬ್ಬಾಗಿ, ಬಂಡೆ ಗುಡ್ಡ ಇದೆ. ಗುಡ್ಡದ ನೆತ್ತಿಯಲ್ಲಿ ಒಂದು ಕಡೆ ಕೋಟೆ ಗೋಡೆಯ ನೇರ ಗೆರೆ. ಪ್ರಕೃತಿ ಹಾಗೆ ನೇರ ಗೆರೆ ಎಳೆಯಲ್ಲ. ಚಿತ್ರದುರ್ಗ.

ಬಸ್ಸಲ್ಲಿ ಹೋಗಿದ್ದು, ಇಳಿದಿದ್ದು, ಎಲ್ಲಾ ಕಾಣುತ್ತಿದೆ. ಇದು ಬಿ.ಡಿ. ರಸ್ತೆ. ಕೈಯಲ್ಲಿ ಫೋಟೋದ ಪ್ರತಿ ಹಿಡಿದು ನಡೆಯುತ್ತಿದ್ದೇನೆ, ಜನ ಸರ್ವೆಯವನು ಬಂದ ಅಂತ ನೋಡುತ್ತಿದ್ದಾರೆ. ದೀಪದ ಕಂಬ ಹುಡುಕಬೇಡಿ. ಫೋಟೋದಲ್ಲಿರುವುದು ಕಬ್ಬಿಣದ ಕೊಳವೆ ಕಂಬ, ಮೇಲೆ ಹೋದಂತೆ ಸಣ್ಣ ಆಗುತ್ತೆ, ತುದಿಯಲ್ಲಿ ತಟ್ಟೆ ಆಕಾರದ ಮುಚ್ಚಳದ ಕೆಳಗೆ ಬಲ್ಬು. ಈಗ ಇರುವುದು ಬೇರೆ. ರಸ್ತೆ ಅಗಲ ಮಾಡಿದಾಗೆಲ್ಲಾ ಕಂಬ ಜಾಗ ಬದಲಿಸುತ್ತೆ. ಗುಡ್ಡ ಬದಲಿಸಲ್ಲ. ಹತ್ತಿರದ ಒಂದು ಬಂಡೆ, ದೂರದ ಆ ಗೋಡೆ, ಎರಡರ ನಡುವಿನ ಸಂದು ನೋಡಿ. ನಾನು ಎಡಕ್ಕೆ ಸರಿದರೆ ಸಂದು ಮುಚ್ಚುತ್ತೆ, ಬಲಕ್ಕೆ ಬಂದರೆ ತೆರೆಯುತ್ತೆ. ಫೋಟೋದಲ್ಲಿ ಎಷ್ಟಿದೆಯೋ ಅಷ್ಟೇ ಆಗುವ ಜಾಗದಲ್ಲಿ ನಿಂತರೆ ಕ್ಯಾಮೆರಾ ಹಿಡಿದವರ ಜಾಗಕ್ಕೆ ನಾಲ್ಕೈದು ಹೆಜ್ಜೆ ಆಚೀಚೆ. ಕಟ್ಟಡಗಳು ಅಡ್ಡ ಬಂದು ಕಾಟ ಕೊಡುತ್ತವೆ, ಅಂಗಡಿಗಳ ಸಂದಿಯಲ್ಲಿ ಇಣುಕಬೇಕು. ‘ಏನ್ ಹುಡುಕ್ತಿದೀಯಪ್ಪ’ ಅಂತ ಟೀ ಅಂಗಡಿ ಅಕ್ಕ ಕೇಳಿದರು. ‘ಗುಡ್ಡ ಅಕ್ಕ’ ಅಂದೆ. ‘ಅಷ್ಟು ದೊಡ್ಡದು ಕಾಣ್ತಿಲ್ವಾ?’ ಅಂದರು.

ಇಲ್ಲಿ. ಸಂದು ಕೂತಿತು.

ಈಗ ಅದೇ ಕಂಬದ ಇನ್ನೊಂದು ಉಪಯೋಗ. ಫೋಟೋದಲ್ಲಿ ಕಂಬದ ನೆರಳು ನಮ್ಮ ಕಡೆಗೆ, ಸ್ವಲ್ಪ ಬಲಕ್ಕೆ ಬಿದ್ದಿದೆ. ಇದೇ ಜಾಗದಲ್ಲಿ ಫೋನಿನ ದಿಕ್ಸೂಚಿ ಇಟ್ಟರೆ ಅದು ಉತ್ತರ ದಿಕ್ಕು. ಚಿತ್ರದುರ್ಗ ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದ ಸ್ವಲ್ಪ ಮೇಲೆ. ಆಗಸ್ಟ್ 15ರ ಹೊತ್ತಿಗೆ ಸೂರ್ಯನೂ ಹೆಚ್ಚು ಕಡಿಮೆ ಅಷ್ಟೇ ಉತ್ತರದಲ್ಲಿ ಇರುತ್ತಾನೆ. ಅಂದರೆ ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ನೆತ್ತಿ ಮೇಲೆ, ಕಂಬಕ್ಕೆ ನೆರಳೇ ಇಲ್ಲ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ. ಉತ್ತರಕ್ಕೆ ಬೀಳುವ ಮಾತೇ ಇಲ್ಲ. ಹಾಗಾಗಿ 1947 ಅಷ್ಟೇ ಅಲ್ಲ, ಆಗಸ್ಟ್ 15 ಕೂಡ ಸುಳ್ಳು. ಪೆನ್ಸಿಲ್ ಸಾಲಿನಲ್ಲಿ ದಿನ, ತಿಂಗಳು, ವರ್ಷ, ಊರು, ಒಂದೂ ಸರಿ ಇಲ್ಲ. 1200 ರೂಪಾಯಿ!

ಬಾವುಟ ಇದೆ, ನೆರಳು ಚಳಿಗಾಲದ್ದು. ಜನವರಿ 26 ಇರಬಹುದು, ನವೆಂಬರ್ 1 ಇರಬಹುದು. ಜನವರಿ 26ರ ನಡುಮಧ್ಯಾಹ್ನ 9 ಮೀಟರ್ ಕಂಬಕ್ಕೆ ಸುಮಾರು 6 ಮೀಟರ್ ನೆರಳು, ನವೆಂಬರ್ 1ಕ್ಕೆ ಸುಮಾರು 5. ಈ ಓರೆ ಕೋನದ ಫೋಟೋದಲ್ಲಿ ಆ ಒಂದು ಮೀಟರ್ ಅಳೆಯಲು ಆಗಲ್ಲ. ಗಣರಾಜ್ಯದ ದಿನ ಅನ್ನಲು ನನಗೂ ಆಸೆ, 1967ರ ಫೆಬ್ರವರಿ ಚುನಾವಣೆಗೆ ಜನವರಿಯಲ್ಲೇ ಗೋಡೆ ಬರೆದಿರುತ್ತಾರೆ ಅಂತ ಕಥೆ ಚೆನ್ನಾಗಿ ಕೂರುತ್ತೆ. ಚೆನ್ನಾಗಿ ಕೂತಿದೆ ಅಂತಲೇ ಅನುಮಾನ. ನಾನು ಹಿಂದೆ ಬರೆಯುವುದು ಇಷ್ಟೇ, ಅದೂ ಫೋಟೋ ಮೇಲಲ್ಲ, ಬೇರೆ ಚೀಟಿಯಲ್ಲಿ: ಚಿತ್ರದುರ್ಗ, ಬಿ.ಡಿ. ರಸ್ತೆ, 1962ರಿಂದ 1971ರ ಒಳಗೆ, ಬಹುಶಃ 67ರ ಆಸುಪಾಸು, ಚಳಿಗಾಲ.

ನಿಮ್ಮ ಮನೆ ಆಲ್ಬಮ್ಮಲ್ಲಿ ಇದೇ ಗೋಡೆ ಇದ್ದರೆ ಹೇಳಿ, ಅದರ ಮೇಲೆ ಹಸು-ಕರು ಬರೆದಿದ್ದರೆ ಇನ್ನೂ ಒಳ್ಳೇದು, ಜೋಡೆತ್ತು ಯಾವಾಗ ಅಳಿಸಿತು ಅಂತ ಗೊತ್ತಾಗುತ್ತೆ. ಬ್ಯಾಟರಿ ಕೆಂಪಾಯಿತು, ದಾವಣಗೆರೆ ಬಸ್ಸೂ ಬಂತು, ಹತ್ತುತ್ತೇನೆ.