ಗುಂಪಿನಲ್ಲಿ ಒಬ್ಬರು ‘ಹಲೋ’ ಅಂದರೆ 140 ಜನ ಏನು ಮಾಡಬೇಕು?

[ಪರದೆ ಮೇಲೆ: ಮೊಬೈಲ್. ಸಮಯ ಬೆಳಗ್ಗೆ 5:40. ಗುಂಪಿನಲ್ಲಿ ಒಂದೇ ಪದ: ಹಲೋ]

ನಮಸ್ಕಾರ. ಇದು ನಮ್ಮ ಟೊಮೆಟೊ ಬೆಳೆಗಾರರ ವಾಟ್ಸಾಪ್ ಗುಂಪು. ಶ್ರೀನಿವಾಸಪುರದ ಕಡೆಯ ನಾಲ್ಕೈದು ಹಳ್ಳಿಯವರು, ಒಟ್ಟು 140 ಜನ. ಕೋಲಾರದ ಎಪಿಎಂಸಿಗೆ ಇವತ್ತು ಯಾರ ಟೆಂಪೋ ಹೋಗುತ್ತದೆ, ನಿನ್ನೆ ಹರಾಜಿನಲ್ಲಿ 15 ಕೆಜಿ ಬಾಕ್ಸ್ ಎಷ್ಟಕ್ಕೆ ಹೋಯಿತು, ಇಲ್ಲಿ ಇದೇ ಮಾತು.

ಅವತ್ತು 5:40ಕ್ಕೆ ‘ಹಲೋ’ ಅಂದವರು ಟೆಂಪೋ ಓಡಿಸುವ ಅಣ್ಣ. ಒಬ್ಬರು ಹಲೋ ಅಂದರು. ಇನ್ನೊಬ್ಬರು ಶುಭೋದಯ ಅಂದರು. ಮೂರನೆಯವರು ಗುಲಾಬಿ ಹೂವು ಹಾಕಿದರು. ಹತ್ತು ನಿಮಿಷದಲ್ಲಿ 22 ಉತ್ತರ.

[ಪರದೆ ಮೇಲೆ: ಮೆಸೇಜುಗಳು ಮೇಲಕ್ಕೆ ಓಡುತ್ತವೆ. ಒಂದು ಮಾತ್ರ ಕೆಂಪು ಗೆರೆಯೊಳಗೆ]

ಈ ಗದ್ದಲದ ನಡುವೆ, 5:44ಕ್ಕೆ, ಅಣ್ಣ ವಿಷಯ ಹಾಕಿದ್ದರು. “ಟೆಂಪೋದಲ್ಲಿ 30 ಬಾಕ್ಸಿಗೆ ಜಾಗ ಇದೆ, 6:15ಕ್ಕೆ ಹೊರಡ್ತೀನಿ.” ನಮ್ಮ ತೋಟದಲ್ಲಿ 28 ಬಾಕ್ಸ್ ತುಂಬಿ ಇಟ್ಟಿದ್ದೆವು. ನಾನು ನೋಡಿದ್ದು ಆರೂವರೆಗೆ. ದಿನಾ ಈ ಹೂವು ತಡೆಯಲಾರದೆ ಗುಂಪನ್ನು ಮ್ಯೂಟ್ ಮಾಡಿಟ್ಟಿದ್ದೆ. ತಪ್ಪು ನನ್ನದೂ ಇದೆ ಬಿಡಿ.

ಹಲೋಗೆ ಉತ್ತರ ಕೊಡುವುದು ಮರ್ಯಾದೆ. ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಅರಳಿಕಟ್ಟೆಯಲ್ಲಿ ಹೇಗೆ ಮಾಡುತ್ತೇವೆ, ನೋಡಿ. ಹತ್ತು ಜನ ಕೂತಿರುವಲ್ಲಿಗೆ ಒಬ್ಬರು ಬಂದು “ಏನ್ರಪ್ಪಾ” ಅಂದರೆ, ಹತ್ತೂ ಜನ ಬಾಯಿ ಬಿಡುವುದಿಲ್ಲ. ಒಬ್ಬರು “ಬಾಣ್ಣ, ಕೂತ್ಕೋ, ಏನ್ ಸಮಾಚಾರ?” ಅನ್ನುತ್ತಾರೆ. ಉಳಿದವರು ತಲೆ ಆಡಿಸುತ್ತಾರೆ. ಅಷ್ಟಕ್ಕೇ ಅವರಿಗೆ ಸಮಾಧಾನ.

ಫೋನಿನಲ್ಲೂ ಈ ತಲೆ ಆಡಿಸುವುದಕ್ಕೆ ದಾರಿ ಇದೆ. ಆ ‘ಹಲೋ’ ಮೇಲೆ ಬೆರಳು ಒತ್ತಿ ಹಿಡಿಯಿರಿ. ಸಣ್ಣ ಚಿತ್ರಗಳ ಸಾಲು ಬರುತ್ತದೆ. ಕೈ ಮುಗಿಯುವ ಚಿತ್ರ ಒತ್ತಿ. ಅದು ಆ ಮೆಸೇಜಿನ ಕೆಳಗೇ ಅಂಟಿಕೊಳ್ಳುತ್ತದೆ, ಹೊಸ ಸಾಲು ಹುಟ್ಟುವುದಿಲ್ಲ. ಅದರ ನೋಟಿಫಿಕೇಶನ್ ಹೋಗುವುದು ಹಲೋ ಅಂದವರಿಗೆ ಮಾತ್ರ. ಮಿಕ್ಕ 138 ಫೋನುಗಳು ಸುಮ್ಮನಿರುತ್ತವೆ.

ಹಾಗಾದರೆ ಬಾಯಿ ಬಿಡಬೇಕಾದ ಆ ಒಬ್ಬರು ಯಾರು? ಮೊದಲು ಕೆಳಗೆ ಎಳೆದು ನೋಡಿ, ಯಾರಾದರೂ ಆಗಲೇ ಕೇಳಿದ್ದಾರಾ ಅಂತ. ಇಲ್ಲ ಅಂದರೆ ನೀವೇ ಆ ಒಬ್ಬರು. ಮೆಸೇಜನ್ನು ಬಲಕ್ಕೆ ಎಳೆಯಿರಿ, ಅದು ನಿಮ್ಮ ಉತ್ತರದ ಮೇಲೆ ಕೂರುತ್ತದೆ. ಬರೀ ಹಲೋ ಬೇಡ. “ಹೇಳಣ್ಣ, ಗಾಡಿ ಇದೆಯಾ?” ಅಂತ ಕೇಳಿ. ಹೀಗೆ ಎಳೆದು ಉತ್ತರ ಕೊಟ್ಟರೆ, ಆ ಅಣ್ಣ ಗುಂಪನ್ನು ಮ್ಯೂಟ್ ಮಾಡಿದ್ದರೂ ಅವರಿಗೆ ಗೊತ್ತಾಗುತ್ತದೆ. @ ಹಾಕಿ ಹೆಸರು ಆರಿಸಿದರೂ ಅಷ್ಟೇ. ಅವತ್ತು ಯಾರಾದರೂ @ ಹಾಕಿ ನನ್ನನ್ನು ಕರೆದಿದ್ದರೆ ನಮ್ಮ ಬಾಕ್ಸುಗಳು ಆ ಟೆಂಪೋ ಹತ್ತುತ್ತಿದ್ದವು.

[ಪರದೆ ಮೇಲೆ: ಹಲೋ. ಹಲೋ? ಹಲೋ ಯಾರೂ ಇಲ್ವಾ??]

ಇನ್ನು ಇದು. ಎಲ್ಲರೂ ತಲೆ ಆಡಿಸಿ ಸುಮ್ಮನಾದರೆ ಕೆಲವರು ಹೀಗೆ ಮತ್ತೆ ಮತ್ತೆ ಕೂಗುತ್ತಾರೆ. ಕಾರಣ ಆ ಟಿಕ್ ಗುರುತು. ಗುಂಪಿನಲ್ಲಿ ಎರಡನೇ ಟಿಕ್ ಬೀಳುವುದು ಎಲ್ಲರ ಫೋನಿಗೂ ಮೆಸೇಜ್ ತಲುಪಿದ ಮೇಲೆ. ನೀಲಿ ಆಗುವುದು ಎಲ್ಲರೂ ನೋಡಿದ ಮೇಲೆ. 140 ಜನರಲ್ಲಿ ಒಬ್ಬರ ಫೋನು ಆಫ್ ಆಗಿದ್ದರೂ ಒಂದೇ ಟಿಕ್. ಕಳಿಸಿದವರು ಯಾರಿಗೂ ಹೋಗಿಲ್ಲ ಅಂದುಕೊಳ್ಳುತ್ತಾರೆ. ತಮ್ಮ ಮೆಸೇಜನ್ನು ಒತ್ತಿ ಹಿಡಿದು Info ನೋಡಿದರೆ ಯಾರು ಯಾರು ಓದಿದ್ದಾರೆ ಅಂತ ಕಾಣುತ್ತದೆ. ಇದನ್ನು ಅವರಿಗೆ ಒಮ್ಮೆ ತೋರಿಸಿಕೊಡಿ, ಮುಂದಿನ ಹತ್ತು ಹಲೋ ಉಳಿಯುತ್ತವೆ.

ಬರೀ ಹಲೋ ಕಳಿಸಿ ಆಮೇಲೆ ಅದನ್ನೇ ತಿದ್ದಿ ವಿಷಯ ಸೇರಿಸುವವರೂ ಇದ್ದಾರೆ. 15 ನಿಮಿಷದೊಳಗೆ ತಿದ್ದಬಹುದು, ನಿಜ. ಆದರೆ ತಿದ್ದಿದ್ದಕ್ಕೆ ಫೋನು ಮತ್ತೆ ಸದ್ದು ಮಾಡುವುದಿಲ್ಲ. ಹೊಸದಾಗಿ ಬರೆಯುವುದೇ ವಾಸಿ.

ಕೈ ಮುಗಿಯುವ ಚಿತ್ರ ಎಲ್ಲರಿಗೂ ಸಾಲದು. ನಮ್ಮ ಕಡೆ ವಯಸ್ಸಾದ ಕೆಲವರಿಗೆ ಆ ಸಣ್ಣ ಗುರುತು ಕಣ್ಣಿಗೇ ಬೀಳುವುದಿಲ್ಲ. ಅವರಿಗೆ ವಾಯ್ಸ್ ಮೆಸೇಜ್ ಬೇಕು, ಅದೂ ತೆಲುಗಿನಲ್ಲಿ. ಅಂಥವರ ಹಲೋಗೆ ಒತ್ತಿ ಹಿಡಿದು, ಮೂರು ಚುಕ್ಕೆಯಲ್ಲಿ Reply privately ಆರಿಸಿ. ಮಾತು ಗುಂಪಿನಿಂದ ಹೊರಗೆ, ಅವರೊಬ್ಬರ ಜೊತೆಗೇ ನಡೆಯುತ್ತದೆ. ಗುರುತಿಲ್ಲದ ನಂಬರಿನಿಂದ ಹಲೋ ಬಂದರೆ ಮಾತ್ರ ಹೀಗೆ ಮಾಡಬೇಡಿ. “ಯಾರು, ಯಾವ ಊರು?” ಅಂತ ಎಲ್ಲರ ಮುಂದೆಯೇ ಕೇಳಿ.

[ಪರದೆ ಮೇಲೆ: ಹೋದ ವಾರದ ಗುಂಪು]

ಹೋದ ವಾರ ಅದೇ ಅಣ್ಣ ಒಂದೇ ಸಾಲಿನಲ್ಲಿ ಬರೆದರು. “ಹಲೋ, 20 ಬಾಕ್ಸಿಗೆ ಜಾಗ ಇದೆ, 6ಕ್ಕೆ ಹೊರಡ್ತೀನಿ.” ಒಬ್ಬರು ಎಳೆದು 9 ಅಂದರು, ಇನ್ನೊಬ್ಬರು 11 ಅಂದರು. ಗಾಡಿ ತುಂಬಿತು. ಮಿಕ್ಕವರು ಹೆಬ್ಬೆರಳು ಒತ್ತಿದರು.

ಒಬ್ಬರು ಮಾತ್ರ ಗುಲಾಬಿ ಹೂವು ಹಾಕಿದರು. ಅವರು ನಮ್ಮ ಚಿಕ್ಕಪ್ಪ. ಏನೂ ಅನ್ನುವ ಹಾಗಿಲ್ಲ.