ಚಿತ್ರೀಕರಣಕ್ಕೆ ಅಡ್ಡಿಯಾಗದ ಮೇಕಿಂಗ್ ವಿಡಿಯೊ: ಒಂದು ಮಳೆಯ ದೃಶ್ಯದ ಯೋಜನೆ

ಸಭೆಯಲ್ಲಿರುವ ಹಿರಿಯರಿಗೂ, ಹಾಸನದ ಜೊತೆಗೆ ಸಕಲೇಶಪುರ, ಆಲೂರು, ಬೇಲೂರುಗಳಿಂದಲೂ ಬಂದಿರುವ ಯುವ ಮಿತ್ರರಿಗೂ ನಮಸ್ಕಾರ. ನಮ್ಮ ಕಡೆಯ ಕಾಫಿ ತೋಟಗಳಿಗೆ ಸಿನಿಮಾ ತಂಡ ಬಂದಾಗ, ಚಿತ್ರೀಕರಣ ಹೇಗೆ ನಡೆಯಿತೆಂದು ತೋರಿಸುವ ಮೇಕಿಂಗ್ ವಿಡಿಯೊ ತೆಗೆಯುವ ಕೆಲಸ ಕ್ಯಾಮೆರಾ ಬಲ್ಲ ಸ್ಥಳೀಯ ಹುಡುಗ ಹುಡುಗಿಯರಿಗೆ ಸಿಗುವುದುಂಟು. ಆ ಕೆಲಸಕ್ಕೆ ಮೊದಲೇ ಒಂದು ಯೋಜನೆಯನ್ನು ಬರೆದುಕೊಳ್ಳುವುದು ಹೇಗೆ ಎಂಬುದನ್ನು, ಒಂದೇ ಒಂದು ದೃಶ್ಯವನ್ನು ಕೈಗೆತ್ತಿಕೊಂಡು, ಈ ಹೊತ್ತು ವಿವರಿಸಲು ಬಯಸುತ್ತೇನೆ.

ದೃಶ್ಯ ಹೀಗಿದೆ ಎಂದುಕೊಳ್ಳೋಣ. ಸಕಲೇಶಪುರದ ಕಡೆಯ ಒಂದು ಹಳೆಯ ತೋಟದ ಮನೆ, ರಾತ್ರಿ. ಜಗಲಿಯ ಮೇಲೆ ತಾಯಿ ನಿಂತಿದ್ದಾಳೆ. ಮಗ ಮಾತಿಗೆ ಮಾತು ಬೆಳೆಸಿ, ಸುರಿಯುವ ಮಳೆಯಲ್ಲಿ ಅಂಗಳ ದಾಟಿ ಹೊರಟುಹೋಗುತ್ತಾನೆ. ಚಿತ್ರೀಕರಣ ನಡೆಯುವುದು ಫೆಬ್ರವರಿಯಲ್ಲಿ, ಆದ್ದರಿಂದ ಮಳೆ ಬರುವುದು ಟ್ಯಾಂಕರಿನಿಂದ. ಮೇಕಿಂಗ್ ವಿಡಿಯೊದ ಉದ್ದ ನಾಲ್ಕು ನಿಮಿಷ.

ಯೋಜನೆಯ ಮೊದಲ ಸಾಲಿನಲ್ಲಿ ಕ್ಯಾಮೆರಾದ ವಿಷಯ ಬರಬಾರದು. ವಿಡಿಯೊ ಉತ್ತರಿಸಬೇಕಾದ ಒಂದು ಪ್ರಶ್ನೆ ಬರಬೇಕು. ಇಲ್ಲಿ ಆ ಪ್ರಶ್ನೆ ನಮ್ಮ ಮಲೆನಾಡಿನವರು ಯಾರೇ ಆದರೂ ಕೇಳುವಂಥದ್ದು: ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿಗೆ ಬಂದು ಟ್ಯಾಂಕರ್ ನೀರು ಏಕೆ ಸುರಿಸುತ್ತಾರೆ? ಉತ್ತರವೂ ಸ್ವಾರಸ್ಯವಾಗಿದೆ. ನಿಜವಾದ ಮಳೆ ಒಂದೇ ಹದದಲ್ಲಿ ಸುರಿಯುವುದಿಲ್ಲ. ಒಂದು ಶಾಟ್‌ನಲ್ಲಿ ಜಡಿದು ಮುಂದಿನ ಶಾಟ್‌ನಲ್ಲಿ ನಿಂತುಹೋದರೆ ಎರಡನ್ನೂ ಜೋಡಿಸಲಾಗದು. ಅದಕ್ಕಿಂತ ಮುಖ್ಯವಾಗಿ, ಮುಂದಿನಿಂದ ಬೆಳಕು ಬಿದ್ದ ಮಳೆಹನಿ ಕ್ಯಾಮೆರಾಕ್ಕೆ ಹೆಚ್ಚುಕಡಿಮೆ ಕಾಣಿಸುವುದೇ ಇಲ್ಲ, ಹಿಂದಿನಿಂದ ಬೆಳಕು ಬಿದ್ದಾಗಲೇ ಅದು ಗೆರೆಯಾಗಿ ಹೊಳೆಯುತ್ತದೆ. ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡರೆ ಯಾವುದನ್ನು ತೆಗೆಯಬೇಕು ಎನ್ನುವುದರ ಜೊತೆಗೆ, ಯಾವುದನ್ನು ಬಿಟ್ಟುಬಿಡಬಹುದು ಎನ್ನುವುದೂ ತಾನಾಗಿಯೇ ತಿಳಿಯುತ್ತದೆ. ಪ್ರಶ್ನೆಯಿಲ್ಲದೆ ಹೋದವರು ಎಲ್ಲವನ್ನೂ ತೆಗೆಯಲು ಓಡಾಡುತ್ತಾರೆ, ಮತ್ತು ಸೆಟ್‌ನಲ್ಲಿ ಅಡ್ಡಿಯಾಗುವುದು ಬಹುಮಟ್ಟಿಗೆ ಆ ಓಡಾಟವೇ.

ಎರಡನೆಯ ಹೆಜ್ಜೆ, ಸಹ ನಿರ್ದೇಶಕರಿಂದ, ಯಾರು ಯಾವಾಗ ಎಲ್ಲಿರಬೇಕೆಂದು ಹೇಳುವ ಆ ದಿನದ ಕಾಲ್‌ಶೀಟನ್ನೂ ಶಾಟ್‌ಗಳ ಕ್ರಮವನ್ನೂ ಹಿಂದಿನ ದಿನವೇ ಪಡೆದು, ಅದರ ಪಕ್ಕದಲ್ಲಿ ನಮ್ಮದೊಂದು ಅಂಕಣವನ್ನು ಬರೆಯುವುದು. ಅಲ್ಲಿ ನಾವು ಹುಡುಕಬೇಕಾದದ್ದು ಶಾಟ್‌ಗಳ ನಡುವಿನ ಬಿಡುವುಗಳನ್ನು. ಒಂದು ಶಾಟ್ ಮುಗಿದು ಮುಂದಿನದಕ್ಕೆ ಲೈಟಿಂಗ್ ಬದಲಾಗುವಾಗ ಕಲಾವಿದರು ಕಾಯುತ್ತಿರುತ್ತಾರೆ, ತಂತ್ರಜ್ಞರು ದುಡಿಯುತ್ತಿರುತ್ತಾರೆ. ಮೇಕಿಂಗ್ ವಿಡಿಯೊಕ್ಕೆ ಬೇಕಾದದ್ದು ಈ ಎರಡೇ ಆಗಿರುವುದರಿಂದ, ಮುಖ್ಯ ಕ್ಯಾಮೆರಾ ನಿಂತಿರುವ ಹೊತ್ತೇ ನಮ್ಮ ಕೆಲಸದ ಹೊತ್ತು. ಟೇಕ್ ನಡೆಯುತ್ತಿರುವಾಗ ಅದೇ ದೃಶ್ಯವನ್ನು ಪಕ್ಕದಿಂದ ತೆಗೆಯುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಆ ದೃಶ್ಯ ಮುಖ್ಯ ಕ್ಯಾಮೆರಾದಲ್ಲಿ ಇನ್ನೂ ಚೆನ್ನಾಗಿ ದಾಖಲಾಗುತ್ತಲೇ ಇದೆ, ಮುಂದೆ ಬೇಕಾದರೆ ಎಡಿಟಿಂಗ್ ವಿಭಾಗದಿಂದ ಕೇಳಿ ಪಡೆಯಬಹುದು.

ನಮ್ಮ ಮಳೆಯ ದೃಶ್ಯದಲ್ಲಿ ಬಿಡುವುಗಳು ಎಲ್ಲಿವೆ ಎಂದು ನೋಡೋಣ. ಸಂಜೆ ಟ್ಯಾಂಕರ್ ಬಂದು ಪೈಪುಗಳನ್ನು ಎತ್ತರಕ್ಕೆ ಕಟ್ಟುವ ಹೊತ್ತಿನಲ್ಲಿ ಕಲಾವಿದರು ಇನ್ನೂ ಮೇಕಪ್‌ನಲ್ಲಿರುತ್ತಾರೆ. ಆಗ ಕೈಯಲ್ಲಿ ಕ್ಯಾಮೆರಾ ಹಿಡಿದು ಹತ್ತಿರ ಹೋಗಬಹುದು, ನೀರು ಬಿಡುವವರನ್ನು ಮಾತನಾಡಿಸಬಹುದು. ಅದಾದ ಮೇಲೆ ಲೈಟಿಂಗ್ ಪರೀಕ್ಷೆಗೆಂದು ನೀರು ಬಿಡುತ್ತಾರೆ. ಇದು ಇಡೀ ವಿಡಿಯೊದ ತಿರುಳು. ಯೋಜನೆಯಲ್ಲಿ ಹೀಗೆ ಬರೆದುಕೊಳ್ಳಿ: ಪರೀಕ್ಷೆಯ ನೀರು ಬೀಳುವಾಗ ಮುಖ್ಯ ಕ್ಯಾಮೆರಾದ ಹಿಂದೆ ಟ್ರೈಪಾಡ್ ಊರಿ, ಹಿಂದಿನ ಲೈಟ್ ಉರಿಯುವುದಕ್ಕೆ ಮೊದಲು ಹತ್ತು ಸೆಕೆಂಡು, ಉರಿದ ಮೇಲೆ ಹತ್ತು ಸೆಕೆಂಡು, ಒಂದೇ ಚೌಕಟ್ಟಿನಲ್ಲಿ ತೆಗೆಯಬೇಕು. ಕಾಣದಿದ್ದ ಮಳೆ ಒಮ್ಮೆಲೇ ಕಾಣುವುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಇದಕ್ಕಾಗಿ ಲೈಟನ್ನು ಮತ್ತೆ ಆರಿಸಿ ಎಂದು ಯಾರನ್ನೂ ಕೇಳುವಂತಿಲ್ಲ. ಯಾವ ಕ್ರಮದಲ್ಲಿ ಲೈಟ್ ಹಾಕುತ್ತೀರಿ ಎಂದು ಛಾಯಾಗ್ರಾಹಕರನ್ನು ಮೊದಲೇ ವಿಚಾರಿಸಿ ಸಿದ್ಧವಾಗಿರಬೇಕು. ಒದ್ದೆ ನೆಲದ ಮೇಲೆ ವಿದ್ಯುತ್ ಕೇಬಲ್‌ಗಳು ಹರಡಿರುವ ರಾತ್ರಿ ಅದು, ಆದ್ದರಿಂದ ಎಲ್ಲಿ ಕಾಲಿಡಬಹುದು ಎಂಬುದನ್ನು ಲೈಟ್‌ಮ್ಯಾನ್‌ಗಳಲ್ಲಿ ಹಿರಿಯರಾದವರನ್ನು ಕೇಳಿ, ನಕ್ಷೆಯಲ್ಲಿ ಗುರುತು ಮಾಡಿಕೊಳ್ಳುವುದು ಕಡ್ಡಾಯ.

ಆಮೇಲೆ ರಿಹರ್ಸಲ್. ನೀರಿಲ್ಲದೆ, ಮಾತಿನೊಂದಿಗೆ ನಡೆಯುವ ರಿಹರ್ಸಲ್‌ನಲ್ಲಿ ನಿರ್ದೇಶಕರೂ ಕಲಾವಿದರೂ ಅಂಗಳದಲ್ಲಿ ನಿಂತು ಚರ್ಚಿಸುವುದು ಸಿಗುತ್ತದೆ. ಇಲ್ಲಿ ನಾವು ನಿಲ್ಲುವ ಜಾಗವನ್ನು ನಿರ್ಧರಿಸುವುದು ಕಲಾವಿದರ ನೋಟದ ದಾರಿ. ಮಗನ ಪಾತ್ರಧಾರಿ ಮುಖ್ಯ ಕ್ಯಾಮೆರಾದ ಎಡಕ್ಕೆ, ಜಗಲಿಯ ಕಡೆ ನೋಡಿ ಮಾತನಾಡುತ್ತಾನೆ ಎಂದಾದರೆ, ನಾವು ಬಲಗಡೆ, ಕ್ಯಾಮೆರಾ ತಂಡದ ಹಿಂದೆ ನಿಂತು, 70-200 ಮಿ.ಮೀ. ಲೆನ್ಸ್‌ನಲ್ಲಿ ದೂರದಿಂದ ತೆಗೆಯಬೇಕು. ಉಟ್ಟ ಬಟ್ಟೆ ಕಪ್ಪು ಅಥವಾ ಗಾಢ ಬಣ್ಣದ್ದಾಗಿರಬೇಕು, ಏಕೆಂದರೆ ಬಿಳಿ ಅಂಗಿ ಬೆಳಕನ್ನು ಪ್ರತಿಫಲಿಸುತ್ತದೆ, ಕತ್ತಲಲ್ಲಿ ಕಣ್ಣನ್ನೂ ಸೆಳೆಯುತ್ತದೆ. ಸ್ಥಿರಚಿತ್ರವನ್ನೂ ತೆಗೆಯುವುದಾದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇರಲಿ. ಫ್ಲ್ಯಾಶ್ ಮಾತ್ರವಲ್ಲ, ಫೋಕಸ್‌ಗೆ ನೆರವಾಗಲು ಕ್ಯಾಮೆರಾದಲ್ಲಿ ತಾನಾಗಿ ಹೊತ್ತಿಕೊಳ್ಳುವ ಸಣ್ಣ ದೀಪವೂ ಆರಿರಲಿ. ನಟ ಒಂದು ಕ್ಷಣ ನಮ್ಮ ಕಡೆ ಕಣ್ಣು ಹೊರಳಿಸಿದರೂ ನಾವು ತಪ್ಪು ಜಾಗದಲ್ಲಿ ಇದ್ದೇವೆ ಎಂದೇ ಅರ್ಥ. ಯಾರೂ ಹೇಳುವ ಮೊದಲೇ ಅಲ್ಲಿಂದ ಸರಿಯಬೇಕು.

ಟೇಕ್‌ನ ಹೊತ್ತಿಗೆ ಇಷ್ಟು ಎಚ್ಚರ ಏಕೆ ಎನ್ನುವುದನ್ನು ಈ ದೃಶ್ಯದ ಒಂದು ಸಣ್ಣ ಸಂಗತಿಯೇ ಹೇಳುತ್ತದೆ. ಮಗನ ಪಾತ್ರ ಒಣ ಬಟ್ಟೆಯಲ್ಲಿ ಜಗಲಿ ಇಳಿದು ನೆನೆಯುತ್ತದೆ. ಕಾಸ್ಟ್ಯೂಮ್ ವಿಭಾಗ ಒಂದೇ ಬಗೆಯ ಮೂರು ಅಂಗಿ ಸಿದ್ಧ ಮಾಡಿದೆ ಎಂದರೆ, ಒಟ್ಟು ಮೂರೇ ಟೇಕ್. ನಾಲ್ಕನೆಯದು ಬೇಕಾದರೆ ಅಂಗಿಯನ್ನೂ ತಲೆಗೂದಲನ್ನೂ ಒಣಗಿಸುವವರೆಗೆ ಇಡೀ ಯೂನಿಟ್ ಕಾಯಬೇಕು. ನಮ್ಮ ನೆರಳಿನಿಂದಲೋ ಕೆಮ್ಮಿನಿಂದಲೋ ಒಂದು ಟೇಕ್ ಹಾಳಾದರೆ ಅದು ಆ ರಾತ್ರಿಯ ಮೂರನೆಯ ಒಂದು ಭಾಗ. ಆದ್ದರಿಂದ ಟೇಕ್ ಸಮಯಕ್ಕೆ ಯೋಜನೆಯಲ್ಲಿ ಒಂದೇ ಕೆಲಸವನ್ನು ಬರೆಯಿರಿ: ಮಾನಿಟರ್ ಇರುವಲ್ಲಿ, ನಿರ್ದೇಶಕರ ಮುಖಕ್ಕೆ ಹಿಡಿದ ಕ್ಯಾಮೆರಾವನ್ನು ‘ರೋಲಿಂಗ್’ ಎನ್ನುವುದಕ್ಕೆ ಮೊದಲೇ ಚಾಲೂ ಮಾಡಿ, ಕೈ ತೆಗೆದು, ‘ಕಟ್’ ಕೇಳುವವರೆಗೆ ಮುಟ್ಟದಿರುವುದು. ನಟನ ಜೊತೆ ತಾನೂ ತುಟಿ ಆಡಿಸುತ್ತ, ಉಸಿರು ಬಿಗಿಹಿಡಿದು ಪರದೆಯನ್ನು ನೋಡುವ ನಿರ್ದೇಶಕರ ಮುಖ, ಪಕ್ಕದಿಂದ ತೆಗೆದ ಹತ್ತು ಶಾಟ್‌ಗಳಿಗಿಂತ ನನಗೆ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ಶಬ್ದದ ವಿಷಯವನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಡಬ್ಬಿಂಗ್ ರೂಢಿಯಲ್ಲಿರುವುದರಿಂದ ಸೆಟ್‌ನಲ್ಲಿ ಸ್ವಲ್ಪ ಗದ್ದಲವಾದರೆ ನಡೆಯುತ್ತದೆ ಎಂಬ ಭಾವನೆ ಹಲವರಿಗಿದೆ. ಸೆಟ್‌ನಲ್ಲಿಯೇ ಮಾತನ್ನು ದಾಖಲಿಸಿಕೊಳ್ಳುವ ಸಿಂಕ್ ಸೌಂಡ್ ಚಿತ್ರದಲ್ಲಿ ಅದು ನಡೆಯುವುದಿಲ್ಲ. ನಮ್ಮ ದೃಶ್ಯದಲ್ಲಿ ಎರಡೂ ಸ್ಥಿತಿಗಳಿವೆ. ಅಂಗಳದಲ್ಲಿ ನೀರು ಸುರಿಯುವ ಶಾಟ್‌ಗಳಲ್ಲಿ ಪಂಪಿನ ಮತ್ತು ನೀರಿನ ಸದ್ದಿನಿಂದಾಗಿ ಮಾತನ್ನು ಆಮೇಲೆ ಡಬ್ ಮಾಡಬೇಕಾಗುವುದೇ ಹೆಚ್ಚು. ಜಗಲಿಯ ಮೇಲೆ ತಾಯಿಯ ಕ್ಲೋಸಪ್ ತೆಗೆಯುವಾಗ ನೀರು ನಿಂತಿರುತ್ತದೆ, ಆಗ ಧ್ವನಿಗ್ರಾಹಕರಿಗೆ ಪೂರ್ಣ ನಿಶ್ಶಬ್ದ ಬೇಕು. ಆ ಕ್ಲೋಸಪ್ ಮುಗಿಯುವವರೆಗೆ ಮೇಕಿಂಗ್ ತಂಡ ಅಂಗಳದಿಂದಲೇ ಹೊರಗೆ ಇರುತ್ತದೆ ಎಂದು ಯೋಜನೆಯಲ್ಲಿ ಬರೆದು, ಅವರಿಗೆ ಮುಂಚಿತವಾಗಿ ತೋರಿಸಿ.

ಕಣ್ಣಿಗೆ ಕಾಣದ ಇನ್ನೊಂದು ಅಡ್ಡಿ ವೈರ್‌ಲೆಸ್ ಉಪಕರಣಗಳದ್ದು. ಸಂದರ್ಶನಕ್ಕೆಂದು ನಾವು ಕೊಳ್ಳುವ ಸಣ್ಣ ವೈರ್‌ಲೆಸ್ ಮೈಕುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಮುಖ್ಯ ಕ್ಯಾಮೆರಾದ ಫೋಕಸ್ ಹೊಂದಿಸುವ ಫೋಕಸ್ ಪುಲ್ಲರ್ ಬಳಸುವ ವೈರ್‌ಲೆಸ್ ಫೋಕಸ್ ಸಾಧನಗಳಲ್ಲಿಯೂ ಹಲವು ಅದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಎರಡೂ ಹತ್ತಿರದಲ್ಲಿ ಚಾಲೂ ಇದ್ದಾಗ ಫೋಕಸ್ ಮೋಟಾರು ತಡವರಿಸಬಹುದು, ಮತ್ತು ಕಾರಣ ನಮ್ಮ ಜೇಬಿನಲ್ಲಿದೆ ಎಂದು ಯಾರಿಗೂ ಹೊಳೆಯದೆ ಕ್ಯಾಮೆರಾ ತಂಡ ತನ್ನ ಉಪಕರಣವನ್ನೇ ಬಿಚ್ಚಿ ನೋಡುತ್ತಿರಬಹುದು. ಆದ್ದರಿಂದ ಸೆಟ್‌ನ ಬಳಿ ಕ್ಯಾಮೆರಾದ ಮೇಲೆ ತಂತಿಯ ಶಾಟ್‌ಗನ್ ಮೈಕ್ ಇರಲಿ, ವೈರ್‌ಲೆಸ್ ಮೈಕನ್ನು ದೂರದ ಸಂದರ್ಶನಕ್ಕೆ ಮಾತ್ರ ಚಾಲೂ ಮಾಡಿ, ಮೊಬೈಲ್ ಏರೋಪ್ಲೇನ್ ಮೋಡ್‌ನಲ್ಲಿರಲಿ.

‘ಕಟ್’ ಆದ ಮೇಲಿನ ಕ್ಷಣ ಬಹಳ ಸೂಕ್ಷ್ಮವಾದದ್ದು. ನಡುಗುತ್ತಿರುವ ನಟನಿಗೆ ಟವೆಲ್ ಹೊದಿಸುತ್ತಾರೆ, ಯಾರೋ ಬಿಸಿ ಕಾಫಿ ತರುತ್ತಾರೆ. ಅದು ವಿಡಿಯೊದಲ್ಲಿ ಬರಬೇಕೆಂದು ನಾವು ಬಯಸುವುದು ಸಹಜ, ಆದರೆ ಆ ಮನುಷ್ಯ ಇನ್ನೂ ಪಾತ್ರದ ಒಳಗೇ ಇದ್ದು, ಮುಂದಿನ ಟೇಕ್‌ಗೆ ಅದೇ ಭಾವವನ್ನು ಹಿಡಿದಿಟ್ಟುಕೊಂಡಿರಬಹುದು. ಇದಕ್ಕೆ ಒಪ್ಪಿಗೆಯನ್ನು ಹಗಲಿನಲ್ಲಿ, ಮೇಕಪ್‌ಗೆ ಮೊದಲು, ಸ್ಪಷ್ಟವಾಗಿ ಕೇಳಬೇಕು: ‘ಸರ್, ಮಳೆ ಶಾಟ್ ಆದ್ಮೇಲೆ ದೂರದಿಂದ ತಗೋಬಹುದಾ? ಬೇಡ ಅನ್ಸಿದ್ರೆ ಕೈ ತೋರಿಸಿ ಸಾಕು.’ ಬೇಡವೆಂದರೆ ಕಾರಣ ಕೇಳದೆ ಯೋಜನೆಯ ಆ ಸಾಲನ್ನು ಹೊಡೆದುಹಾಕಿ, ಅದರ ಬದಲು ಅಂಗಿ ಒಣಗಿಸುವ ಕಾಸ್ಟ್ಯೂಮ್ ಸಹಾಯಕರ ಕಡೆ ಕ್ಯಾಮೆರಾ ತಿರುಗಿಸಬಹುದು. ನಿಜ ಹೇಳಬೇಕೆಂದರೆ ಅಲ್ಲಿಯೂ ಕಥೆ ಇದೆ, ಅವರನ್ನು ತೆಗೆಯುವವರು ಕಡಿಮೆ. ತೋಟದ ಕೆಲಸದವರು ಚೌಕಟ್ಟಿನಲ್ಲಿ ಬರುವುದಿದ್ದರೆ ಅವರನ್ನೂ ಹಾಗೆಯೇ ಕೇಳಬೇಕು.

ಸಂದರ್ಶನವನ್ನು ಈ ದೃಶ್ಯದ ರಾತ್ರಿ ಇಟ್ಟುಕೊಳ್ಳದೆ, ಹಗುರವಾದ ದೃಶ್ಯವಿರುವ ಮತ್ತೊಂದು ಹಗಲಿಗೆ ಬರೆದುಕೊಳ್ಳುವುದು ಒಳ್ಳೆಯದು. ಒಬ್ಬೊಬ್ಬರಿಗೆ ಹತ್ತು ನಿಮಿಷ ಸಾಕು. ಪ್ರಶ್ನೆ ಕೇಳುವ ನಮ್ಮ ದನಿಯನ್ನು ಎಡಿಟಿಂಗ್‌ನಲ್ಲಿ ತೆಗೆಯುವುದರಿಂದ, ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಆರಂಭಿಸುವಂತೆ ವಿನಂತಿಸಿಕೊಳ್ಳಿ. ‘ಹೌದು, ಕಷ್ಟವಾಯಿತು’ ಎಂಬ ಉತ್ತರ ಕತ್ತರಿಸಿದ ಮೇಲೆ ಯಾವುದಕ್ಕೂ ಹೊಂದುವುದಿಲ್ಲ.

ಕೊನೆಯದಾಗಿ ಕಾರ್ಡುಗಳ ವಿಷಯ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಒಂದು ಗಂಟೆಗೆ 45 ಜಿಬಿ ಆಗುತ್ತದೆ. ನಾಲ್ಕು ನಿಮಿಷದ ವಿಡಿಯೊಕ್ಕೆ ಆ ರಾತ್ರಿ ಎರಡು ಗಂಟೆಗಿಂತ ಹೆಚ್ಚು ತೆಗೆಯುವ ಅಗತ್ಯವಿಲ್ಲ, ಅಂದರೆ 128 ಜಿಬಿಯ ಒಂದು ಕಾರ್ಡಿನಲ್ಲಿ ಅದು ಹಿಡಿಯುತ್ತದೆ. ಮುಖ್ಯ ಚಿತ್ರದ ಡೇಟಾ ನಕಲಿಸುವ ಕಂಪ್ಯೂಟರಿಗೆ ನಮ್ಮ ಕಾರ್ಡನ್ನು ಕೊಡಬಾರದು. ನಮ್ಮದೇ ಲ್ಯಾಪ್‌ಟಾಪ್, ನಮ್ಮದೇ ಎರಡು ಹಾರ್ಡ್ ಡಿಸ್ಕ್ ಇರಲಿ. ಪ್ರತಿ ಟೇಕ್‌ಗೆ ಮುಂಚೆ ಕ್ಲ್ಯಾಪ್ ಬೋರ್ಡು ದೂರದಿಂದಲಾದರೂ ಕಾಣುವಂತೆ ಒಂದು ಕ್ಷಣ ತೆಗೆದಿಟ್ಟುಕೊಂಡರೆ, ನಿರ್ದೇಶಕರ ಮುಖ ಯಾವ ಟೇಕ್‌ನದು ಎಂದು ಎಡಿಟರ್ ಸುಲಭವಾಗಿ ಹೊಂದಿಸಿಕೊಳ್ಳುತ್ತಾರೆ. ಇಷ್ಟೆಲ್ಲ ಸೇರಿ ಎರಡು ಪುಟ ಮೀರದ ಆ ಯೋಜನೆಯನ್ನು ಹಿಂದಿನ ಸಂಜೆಯೇ ಸಹ ನಿರ್ದೇಶಕರು, ಛಾಯಾಗ್ರಾಹಕರು, ಧ್ವನಿಗ್ರಾಹಕರು ಮತ್ತು ಪ್ರೊಡಕ್ಷನ್ ಮ್ಯಾನೇಜರ್ ಈ ನಾಲ್ವರ ಕೈಗೆ ಕೊಟ್ಟು, ಅವರು ಬೇಡವೆಂದು ಗೆರೆ ಎಳೆದ ಸಾಲುಗಳನ್ನು ಬಿಟ್ಟು ಉಳಿದುದನ್ನು ಮಾತ್ರ ಮರುದಿನ ಸೆಟ್‌ಗೆ ಒಯ್ಯಬೇಕು.