ರೆಸ್ಯೂಮೆಯ ಮೊದಲ ಆರು ಸೆಕೆಂಡು: ಕಣ್ಣು ಎಲ್ಲಿ ನಿಲ್ಲುತ್ತದೆ?

[ಪರದೆ: ಒಂದು ಪುಟದ ರೆಸ್ಯೂಮೆ. ಆರು ಸೆಕೆಂಡಿನ ಬಳಿಕ ಮರೆಯಾಗುತ್ತದೆ.]

ನಮಸ್ಕಾರ. ಈಗ ನೀವು ನೋಡಿದ್ದು ಒಬ್ಬ ಅಕೌಂಟೆಂಟ್ ರೆಸ್ಯೂಮೆ. ಉದಾಹರಣೆಗೆಂದು ನಾನು ಸಿದ್ಧಪಡಿಸಿದ್ದು. ಇವರು ದಾವಣಗೆರೆಯ ಅಕ್ಕಿ ಗಿರಣಿಯೊಂದರಲ್ಲಿದ್ದಾರೆ, ಬೆಂಗಳೂರಿನ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾರೆ. ಇವರ ಈಗಿನ ಹುದ್ದೆ ಯಾವುದು? ಎಂದಿನಿಂದ ಅಲ್ಲಿದ್ದಾರೆ? ಹೇಳುವುದು ಕಷ್ಟ. ಎರಡಕ್ಕೂ ಉತ್ತರ ಪುಟದಲ್ಲೇ ಇದೆ, ಆದರೆ ಕಣ್ಣಿಗೆ ಸಿಗುವುದಿಲ್ಲ.

ನೇಮಕಾತಿ ಮಾಡುವವರು ಒಂದು ರೆಸ್ಯೂಮೆಯನ್ನು ಮೊದಲ ಸಲ ನೋಡುವುದು ಸುಮಾರು ಆರು ಸೆಕೆಂಡು ಮಾತ್ರ ಎನ್ನುತ್ತಾರೆ. ಈ ಲೆಕ್ಕ ಬಂದದ್ದು ಅಮೆರಿಕದ ಉದ್ಯೋಗ ಜಾಲತಾಣ ದಿ ಲ್ಯಾಡರ್ಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ನೇಮಕಾತಿ ಮಾಡುವವರ ಕಣ್ಣಿನ ಚಲನೆಯನ್ನು ಅದರಲ್ಲಿ ಅಳೆದಿದ್ದರು. 2018ರಲ್ಲಿ ಮತ್ತೆ ಅಳೆದಾಗ 7.4 ಸೆಕೆಂಡು ಬಂತು. ಇದು ಮೊದಲ ಸುತ್ತಿನ ವಿಂಗಡಣೆಯ ಸಮಯ ಮಾತ್ರ. ಆಯ್ದುಕೊಂಡದ್ದನ್ನು ಆಮೇಲೆ ನಿಧಾನವಾಗಿ ಓದುತ್ತಾರೆ. ನನಗೆ ಮುಖ್ಯವೆನಿಸುವುದು ಮೊದಲ ಅಧ್ಯಯನದ ಇನ್ನೊಂದು ಮಾತು: ನೋಡುವ ಸಮಯದ ಸುಮಾರು ಶೇ. 80ರಷ್ಟು ಹೆಸರು, ಈಗಿನ ಮತ್ತು ಹಿಂದಿನ ಹುದ್ದೆ ಹಾಗೂ ಕಂಪನಿ, ಅವುಗಳ ದಿನಾಂಕ, ವಿದ್ಯಾಭ್ಯಾಸ ಇಷ್ಟರ ಮೇಲೆಯೇ ಕಳೆಯುತ್ತದೆ. ಪುಟದ ವಿನ್ಯಾಸವೆಲ್ಲ ಇವನ್ನು ಮೇಲೆತ್ತಿ ತೋರಿಸುವುದಕ್ಕಾಗಿಯೇ ಇರಬೇಕು.

[ಪರದೆ: ಅದೇ ರೆಸ್ಯೂಮೆ. ದಿನಾಂಕಗಳ ಸುತ್ತ ಕೆಂಪು ಗುರುತು.]

ಇಲ್ಲಿ ದಿನಾಂಕಗಳು ವಾಕ್ಯದ ಹೊಟ್ಟೆಯೊಳಗೆ ಸೇರಿಕೊಂಡಿವೆ. ಅವನ್ನು ಹೊರಗೆ ತೆಗೆಯೋಣ. ಹುದ್ದೆಯ ಹೆಸರು ಎಡಗಡೆ ದಪ್ಪಕ್ಷರದಲ್ಲಿ, ದಿನಾಂಕ ಅದೇ ಸಾಲಿನ ಬಲತುದಿಯಲ್ಲಿ, ಕಂಪನಿಯ ಹೆಸರು ಕೆಳಗಿನ ಸಾಲಿನಲ್ಲಿ ಸಾಧಾರಣ ಅಕ್ಷರದಲ್ಲಿ. ದಿನಾಂಕವನ್ನು ಬಲಕ್ಕೆ ತಳ್ಳಲು ಸ್ಪೇಸ್ ಕೀಲಿಯನ್ನು ಒತ್ತುತ್ತಾ ಹೋಗಬೇಡಿ. ಅಕ್ಷರಗಳ ಅಗಲ ಬೇರೆ ಬೇರೆಯಾಗಿರುವುದರಿಂದ ಒಂದು ಸಾಲಿನ ದಿನಾಂಕ ಇನ್ನೊಂದರ ಕೆಳಗೆ ನೇರವಾಗಿ ಕೂರುವುದಿಲ್ಲ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎರಡೂ ಕಡೆ 2 ಸೆಂಟಿಮೀಟರ್ ಅಂಚು ಬಿಟ್ಟರೆ ಉಳಿಯುವುದು 17. ವರ್ಡ್‌ನ Paragraph ಪೆಟ್ಟಿಗೆಯಲ್ಲಿ Tabs ತೆರೆದು, 17 cm ಎಂದು ಬರೆದು, Alignment ಅನ್ನು Right ಮಾಡಿ. ಆಮೇಲೆ ಒಂದೇ ಟ್ಯಾಬ್ ಒತ್ತಿದರೆ ಸಾಕು, ದಿನಾಂಕಗಳೆಲ್ಲ ಬಲ ಅಂಚಿಗೆ ಒಂದೇ ಗೆರೆಯಲ್ಲಿ ನಿಲ್ಲುತ್ತವೆ.

[ಪರದೆ: ಶೀರ್ಷಿಕೆಯ ಮೇಲಿನ ಮತ್ತು ಕೆಳಗಿನ ಜಾಗ ಹಿಗ್ಗಿಸಿದ ನೋಟ.]

ಇನ್ನು ನಾನು ಅತಿ ಹೆಚ್ಚು ಕಾಣುವ ತಪ್ಪು. ಈ ಪುಟದಲ್ಲಿ "ಅನುಭವ" ಎಂಬ ಶೀರ್ಷಿಕೆಯ ಮೇಲೊಂದು ಖಾಲಿ ಸಾಲು, ಕೆಳಗೂ ಒಂದು ಖಾಲಿ ಸಾಲು ಇದೆ. ಹೀಗಾಗಿ ಶೀರ್ಷಿಕೆ ಮೇಲಿನ ಭಾಗಕ್ಕೆ ಸೇರಿದ್ದೋ ಕೆಳಗಿನದ್ದಕ್ಕೋ ಎಂದು ಕಣ್ಣು ತಡವರಿಸುತ್ತದೆ. ಹತ್ತಿರವಿರುವುದನ್ನು ಒಂದೇ ಗುಂಪು ಎಂದು ಗ್ರಹಿಸುವುದು ಕಣ್ಣಿನ ಸ್ವಭಾವ. ಆದ್ದರಿಂದ ಎಂಟರ್ ಒತ್ತಿ ಮಾಡಿದ ಖಾಲಿ ಸಾಲುಗಳನ್ನೆಲ್ಲ ಅಳಿಸಿ, ಶೀರ್ಷಿಕೆಗೆ Spacing ಅಡಿಯಲ್ಲಿ Before 14 pt, After 4 pt ಕೊಡಿ. ಒಂದೇ ಭಾಗದೊಳಗಿನ ಎರಡು ಕೆಲಸಗಳ ನಡುವೆ 8 pt ಸಾಕು. ಈಗ ಪುಟವನ್ನು ಓದದೆಯೇ ಎಷ್ಟು ಭಾಗಗಳಿವೆ ಎಂದು ಎಣಿಸಬಹುದು.

ಫಾಂಟ್ ವಿಚಾರದಲ್ಲಿ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಯಾಲಿಬ್ರಿ 11 ಅಥವಾ ಏರಿಯಲ್ 10.5, ಶೀರ್ಷಿಕೆಗೆ 13, ಹೆಸರಿಗೆ 18. ಒಂದೇ ಫಾಂಟ್ ಇರಲಿ. ದಪ್ಪಕ್ಷರ ಹೆಸರು, ಶೀರ್ಷಿಕೆ ಮತ್ತು ಹುದ್ದೆಗೆ ಮಾತ್ರ. ನಮ್ಮ ಅಕೌಂಟೆಂಟ್ ಪುಟದಲ್ಲಿ ಟ್ಯಾಲಿ, ಜಿಎಸ್‌ಟಿ, ಎಕ್ಸೆಲ್ ಎಂದು ಸಾಲಿಗೆರಡು ಕಡೆ ದಪ್ಪ ಮಾಡಿದ್ದರಿಂದ ಹುದ್ದೆಯ ಹೆಸರಿಗೆ ಬೆಲೆಯೇ ಉಳಿದಿರಲಿಲ್ಲ. ಸಾಲುಗಳನ್ನು ಎರಡೂ ಅಂಚಿಗೆ ಎಳೆಯದೆ ಎಡಕ್ಕೆ ಮಾತ್ರ ಹೊಂದಿಸಿ. ಎಳೆದರೆ ಪದಗಳ ನಡುವೆ ಎಲ್ಲೆಂದರಲ್ಲಿ ಬಿರುಕು ಬೀಳುತ್ತದೆ.

[ಪರದೆ: ತಿದ್ದಿದ ರೆಸ್ಯೂಮೆ. ಐದು ಸಾಲು ಎರಡನೇ ಪುಟಕ್ಕೆ ಜಾರಿವೆ.]

ಇಷ್ಟಾದ ಮೇಲೆ ಐದು ಸಾಲು ಎರಡನೇ ಪುಟಕ್ಕೆ ಹೋದವು. ಇಲ್ಲಿ ಹೆಚ್ಚಿನವರು ಅಂಚನ್ನು ಒಂದು ಸೆಂಟಿಮೀಟರ್‌ಗೆ ಇಳಿಸುತ್ತಾರೆ, ಅಕ್ಷರವನ್ನು 9ಕ್ಕೆ ತರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸಾಲು ಉದ್ದವಾದಷ್ಟೂ ಕಣ್ಣು ಮುಂದಿನ ಸಾಲಿನ ಆರಂಭಕ್ಕೆ ಮರಳುವಾಗ ದಾರಿ ತಪ್ಪುತ್ತದೆ. ಬದಲಿಗೆ ಕೊನೆಯ ಭಾಗ ನೋಡಿ: ತಂದೆಯ ಹೆಸರು, ವೈವಾಹಿಕ ಸ್ಥಿತಿ, "ಮೇಲಿನ ಮಾಹಿತಿ ಸತ್ಯವೆಂದು ಘೋಷಿಸುತ್ತೇನೆ" ಎಂಬ ಹೇಳಿಕೆ, ಸ್ಥಳ, ಸಹಿ. ಸರ್ಕಾರಿ ಅರ್ಜಿಯಲ್ಲಿ ಕೇಳಿದರೆ ಬೇಕು. ಖಾಸಗಿ ಕಂಪನಿಯ ಮೊದಲ ವಿಂಗಡಣೆಯಲ್ಲಿ ಇವು ಯಾವ ಕೆಲಸವನ್ನೂ ಮಾಡುವುದಿಲ್ಲ. ತೆಗೆದರೆ ಆ ಐದು ಸಾಲಿಗೂ ಜಾಗ ಸಿಗುತ್ತದೆ, 2 ಸೆಂಟಿಮೀಟರ್ ಅಂಚು ಹಾಗೆಯೇ ಉಳಿಯುತ್ತದೆ. ಪಿಡಿಎಫ್ ಮಾಡಿ ಕಳುಹಿಸಿ. ವರ್ಡ್ ಕಡತವಾದರೆ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದಾಗ ಈ ಅಳತೆಗಳೆಲ್ಲ ಕದಲಬಹುದು.